ರೂಪ ಗಟ್ಟಿಯಾಗಿಲ್ಲ ಎಂದರೆ ಏನು? ಚಿತ್ರ ವಿಮರ್ಶೆಯ ಐದು ಪದಗಳು

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗಳು ತನ್ನ ಅಜ್ಜಿ ಕಣದಲ್ಲಿ ಕಾಫಿ ಹರವುತ್ತಿರುವ ಜಲವರ್ಣ ಚಿತ್ರವೊಂದನ್ನು ಚಿಕ್ಕಮಗಳೂರಿನ ಒಂದು ಪ್ರದರ್ಶನದಲ್ಲಿ ಇಟ್ಟಿದ್ದಳು. ಅದನ್ನು ನೋಡಿದ ವಿಮರ್ಶಕರೊಬ್ಬರು "ರೇಖೆಯಲ್ಲಿ ಜೀವವಿದೆ, ರೂಪ ಗಟ್ಟಿಯಾಗಿಲ್ಲ, ಛಾಯೆ ಏಕತಾನವಾಗಿದೆ, ಮೈವಳಿಕೆ ಮಿತಿಮೀರಿದೆ, ಅವಕಾಶಕ್ಕೆ ಉಸಿರಿಲ್ಲ" ಎಂದು ಬರೆದುಕೊಟ್ಟರು. ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಮಗಳು ಮಂಕಾಗಿದ್ದಾಳೆ. ಚಿತ್ರದ ಫೋಟೊ ಕಳುಹಿಸಿದ್ದೇನೆ. ಚಿತ್ರಕಲೆ ಗೊತ್ತಿಲ್ಲದ ನಮ್ಮಂಥವರಿಗೂ ತಿಳಿಯುವಂತೆ ಈ ಪದಗಳನ್ನು ಬಿಡಿಸಿ ಹೇಳುತ್ತೀರಾ?
ಓದುಗರು, ಮೂಡಿಗೆರೆ

ಉತ್ತರ: ಫೋಟೊವನ್ನು ದೊಡ್ಡದು ಮಾಡಿ ಎರಡು ದಿನ ಮತ್ತೆ ಮತ್ತೆ ನೋಡಿದೆ. ವಿಮರ್ಶಕರ ಐದು ಮಾತುಗಳಲ್ಲಿ ನಾಲ್ಕನ್ನು ನಾನೂ ಒಪ್ಪುತ್ತೇನೆ, ಒಂದನ್ನು ಒಪ್ಪುವುದಿಲ್ಲ. ಆದರೆ ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಓದಿದಾಗ ನಾಲ್ಕು ತಪ್ಪುಗಳ ಪಟ್ಟಿಯಂತೆ ಕಾಣುವ ಆ ವಾಕ್ಯದಲ್ಲಿ ನಿಜವಾಗಿ ಇರುವುದು ಒಂದೇ ತಪ್ಪು. ಒಂದು ಕಡೆ ಸೋರಿದ ನೀರು ನಾಲ್ಕು ಕೋಣೆಗಳ ಗೋಡೆಯಲ್ಲಿ ಕಲೆಯಾಗಿ ಕಂಡ ಹಾಗೆ. ಸೋರುತ್ತಿರುವ ಜಾಗ ಯಾವುದೆಂದು ತೋರಿಸಬೇಕಾದರೆ ಪದಗಳನ್ನು ಒಂದೊಂದಾಗಿ ಬಿಡಿಸಲೇಬೇಕು.

ಮೊದಲಿಗೆ ಒಂದು ನಿಯಮ. ವಿಮರ್ಶೆಯ ಯಾವ ಪದ ಕಿವಿಗೆ ಬಿದ್ದರೂ "ಎಲ್ಲಿ?" ಎಂದು ಕೇಳಿ. ಚಿತ್ರದ ಮೇಲೆ ಬೆರಳಿಟ್ಟು "ಇಗೋ ಇಲ್ಲಿ" ಎಂದು ತೋರಿಸಲು ಬರದ ಮಾತು ವಿಮರ್ಶೆಯಲ್ಲ. ನಾನು ಬರೆಯಲು ಆರಂಭಿಸಿದ ದಿನಗಳಲ್ಲಿ ಒಬ್ಬ ಹಿರಿಯ ಕಲಾವಿದರ ಚಿತ್ರದ ಬಗ್ಗೆ "ಲಯಬದ್ಧ ರೇಖೆ" ಎಂದು ಬರೆದಿದ್ದೆ. ಅವರು ನನ್ನನ್ನು ಆ ಚಿತ್ರದ ಮುಂದೆ ನಿಲ್ಲಿಸಿ, "ಯಾವ ರೇಖೆ, ತೋರಿಸಿ" ಎಂದರು. ನನಗೆ ತೋರಿಸಲು ಆಗಲಿಲ್ಲ. ಅಂದಿನಿಂದ ಬೆರಳಿಟ್ಟು ತೋರಿಸಲಾಗದ ಪದವನ್ನು ನಾನು ಬಳಸಿಲ್ಲ. ಇಲ್ಲಿಯೂ ಐದು ಪದಗಳಿಗೂ ಬೆರಳಿಟ್ಟೇ ಹೇಳುತ್ತೇನೆ.

ರೇಖೆ ಎಲ್ಲರಿಗೂ ಗೊತ್ತಿರುವ ಪದ. ಆದ್ದರಿಂದಲೇ ಅದರಲ್ಲಿ ನೋಡಬೇಕಾದದ್ದು ತಪ್ಪಿಹೋಗುತ್ತದೆ. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಇಡುವವರನ್ನು ಗಮನಿಸಿ. ರೂಢಿಯಾದ ಕೈ ಒಂದು ಚುಕ್ಕಿಯಿಂದ ಹೊರಟರೆ ನಾಲ್ಕು ಚುಕ್ಕಿ ಸುತ್ತಿ ಬಂದೇ ನಿಲ್ಲುತ್ತದೆ. ತಿರುವಿನಲ್ಲಿ ಕೈ ನಿಧಾನವಾಗುವುದರಿಂದ ಅಲ್ಲಿ ಪುಡಿ ಸ್ವಲ್ಪ ಹೆಚ್ಚು ಬಿದ್ದು ಗೆರೆ ದಪ್ಪವಾಗುತ್ತದೆ, ನೇರದಲ್ಲಿ ತೆಳುವಾಗುತ್ತದೆ. ಕಲಿಯುತ್ತಿರುವ ಕೈ ಪ್ರತಿ ಚುಕ್ಕಿಗೂ ನಿಂತು ಮುಂದೆ ಹೋಗುವುದರಿಂದ ಗೆರೆಯಲ್ಲಿ ಗಂಟು ಗಂಟಾಗಿ ಪುಡಿ ಬೀಳುತ್ತದೆ. ಅಂದರೆ ಗೆರೆಯಲ್ಲಿ ಕೈ ಸಾಗಿದ ದಾರಿಯೂ ಅದರ ವೇಗವೂ ಉಳಿದಿರುತ್ತವೆ. ವಿಮರ್ಶಕರು "ಜೀವವಿದೆ" ಎನ್ನುವುದು ಈ ವೇಗವನ್ನು ನೋಡಿ. ಗಾಢವಾಗಿ ಒತ್ತಿ ಎಳೆದ ಗೆರೆಗೆ ಜೀವವಿದೆ ಎಂದು ಬಹಳ ಮಂದಿ ತಿಳಿಯುತ್ತಾರೆ. ತೆಳುವಾದ ಪೆನ್ಸಿಲ್ ಗೆರೆಯಲ್ಲೂ ಜೀವ ಇರಬಹುದು, ಕಪ್ಪು ಇಂಕಿನ ದಪ್ಪ ಗೆರೆ ಸತ್ತೇ ಇರಬಹುದು.

ನಿಮ್ಮ ಮಗಳ ಚಿತ್ರದಲ್ಲಿ ಬಾಗಿ ನಿಂತ ಅಜ್ಜಿಯ ಬೆನ್ನಿನ ಮೇಲೆ ಬೆರಳಿಡಿ. ತುರುಬಿನ ಕೆಳಗಿನಿಂದ ಸೊಂಟದವರೆಗೆ ಕಂದು ಇಂಕಿನಲ್ಲಿ ಒಂದೇ ಉಸಿರಿಗೆ ಎಳೆದ ಗೆರೆ. ಕತ್ತಿನ ಬಳಿ ತೆಳುವಾಗಿ ಹೊರಟು, ಭುಜದ ಮೂಳೆಯ ಹತ್ತಿರ ದಪ್ಪವಾಗಿ, ಸೊಂಟಕ್ಕೆ ಬರುವಾಗ ಮತ್ತೆ ಸಣ್ಣದಾಗಿದೆ. ಎಷ್ಟೋ ವರ್ಷ ಬಗ್ಗಿ ದುಡಿದ ಬೆನ್ನು ಎಂಬುದು ಆ ಒಂದು ಗೆರೆಯಿಂದಲೇ ತಿಳಿಯುತ್ತದೆ. ಹಿಂದಿನ ಮನೆಯ ಸೂರಿನ ಗೆರೆಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅದು ಸ್ಕೇಲಿಟ್ಟು ಎಳೆದದ್ದು, ಎಲ್ಲ ಕಡೆ ಒಂದೇ ದಪ್ಪ, ಕೈಯ ಗುರುತೇ ಇಲ್ಲ. ವಿಮರ್ಶಕರ ಹೊಗಳಿಕೆ ಸಲ್ಲುವುದು ಬೆನ್ನಿಗೆ, ಸೂರಿಗಲ್ಲ.

ಎಳೆಯದೆಯೂ ಕಾಣುವ ರೇಖೆ ಎಂಬುದು ಇನ್ನೊಂದಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ. ಪ್ರತಿಯೊಂದು ಆನೆಯೂ ಬೇರೆ ಬೇರೆ, ಅವುಗಳ ನಡುವೆ ಯಾರೂ ಗೆರೆ ಕೊರೆದಿಲ್ಲ. ಆದರೂ ದೂರದಿಂದ ನೋಡಿದಾಗ ಕಟ್ಟಡದ ಮೂಲೆಮೂಲೆಗೂ ಮಡಿಚಿಕೊಂಡು ಓಡುವ ಒಂದು ರೇಖೆಯೇ ಕಾಣುತ್ತದೆ. ಅಡುಗೆಮನೆಯ ಗೋಡೆಯ ಮೇಲಿನ ಇರುವೆ ಸಾಲೂ ಹೀಗೆಯೇ. ನಿಮ್ಮ ಮಗಳ ಚಿತ್ರದಲ್ಲಿ ಅಜ್ಜಿಯ ನೋಟ ಅವರ ಕೈಯಲ್ಲಿರುವ ಹಲಗೆಯ ತುದಿಗೆ ಇಳಿಯುತ್ತದಲ್ಲ, ಅಲ್ಲಿ ಗೆರೆ ಇಲ್ಲದಿದ್ದರೂ ನಮ್ಮ ಕಣ್ಣು ಆ ದಾರಿಯಲ್ಲೇ ಜಾರಿ ಕೆಳಗೆ ಬರುತ್ತದೆ. ಇದೂ ರೇಖೆಯೇ. ಹುಡುಗಿಗೆ ಇದು ಯಾರೂ ಹೇಳಿಕೊಡದೆ ಬಂದಿರಬೇಕು.

ಈಗ ರೂಪ. ನಮ್ಮ ಭಾಷೆಯಲ್ಲಿ ಇದೊಂದು ತೊಡಕಿನ ಪದ. ಮಾತಿನಲ್ಲಿ ರೂಪ ಎಂದರೆ ಚೆಲುವು, ಕಾವ್ಯ ವಿಮರ್ಶೆಯಲ್ಲಿ ರೂಪ ಎಂದರೆ ಕೃತಿಯ ಕಟ್ಟಡ. ಚಿತ್ರ ಮತ್ತು ಶಿಲ್ಪದ ವಿಷಯದಲ್ಲಿ ರೂಪ ಎಂದರೆ ಉದ್ದ, ಅಗಲಗಳ ಜೊತೆಗೆ ದಪ್ಪವೂ ಉಳ್ಳದ್ದು, ಎರಡೂ ಕೈಯಲ್ಲಿ ಹಿಡಿಯಬಹುದಾದದ್ದು. ಬರೀ ಉದ್ದ, ಅಗಲ ಇರುವುದು ಆಕಾರ. ತಟ್ಟೆಯಲ್ಲಿ ಅಕ್ಕಿ ರೊಟ್ಟಿಯೂ ರಾಗಿ ಮುದ್ದೆಯೂ ಇವೆ ಎಂದುಕೊಳ್ಳಿ. ನೇರ ಮೇಲಿನಿಂದ ನೋಡಿದರೆ ಎರಡೂ ದುಂಡು, ಎರಡಕ್ಕೂ ಇರುವುದು ಒಂದೇ ಆಕಾರ. ಆದರೆ ಮುದ್ದೆಗೆ ಮೈಯಿದೆ. ಅದರ ಒಂದು ಪಕ್ಕ ಬೆಳಕಿನಲ್ಲಿದ್ದರೆ ಇನ್ನೊಂದು ಪಕ್ಕ ಮಬ್ಬಾಗಿರುತ್ತದೆ, ಬುಡದಲ್ಲಿ ತಟ್ಟೆಗೆ ನೆರಳು ಬಿದ್ದಿರುತ್ತದೆ. ಕಾಗದದ ಮೇಲೆ ಮುದ್ದೆಯನ್ನು ರೊಟ್ಟಿಯಾಗದಂತೆ ಬರೆಯುವುದೇ ಚಿತ್ರಕಾರನ ಮೊದಲ ಕಷ್ಟ. "ರೂಪ ಗಟ್ಟಿಯಾಗಿಲ್ಲ" ಎಂದರೆ ಮುದ್ದೆ ರೊಟ್ಟಿಯಾಗಿದೆ ಎಂದೇ ಅರ್ಥ.

ರೂಪ ಗಟ್ಟಿಯಾಗಿರುವುದು ಹೇಗಿರುತ್ತದೆ ಎಂದು ನೋಡಬೇಕಾದರೆ ಮಗಳನ್ನು ಕರೆದುಕೊಂಡು ಒಂದು ದಿನ ಶ್ರವಣಬೆಳಗೊಳಕ್ಕೆ ಹೋಗಿ. 981ರ ಸುಮಾರಿಗೆ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ ಗೊಮ್ಮಟನ ಎತ್ತರ ಸುಮಾರು 58 ಅಡಿ. ಹೆಚ್ಚಿನವರು ಎತ್ತರವನ್ನು ನೋಡಿ ಬೆರಗಾಗಿ ಬಂದುಬಿಡುತ್ತಾರೆ. ನೀವು ಎತ್ತರವನ್ನು ಮರೆತು ಕಾಲು ಮತ್ತು ತೋಳಿನ ಮೇಲೆ ಹಬ್ಬಿರುವ ಬಳ್ಳಿಯನ್ನು ಮಾತ್ರ ನೋಡಿ. ಆ ಶಿಲ್ಪಿಯ ಮುಂದಿದ್ದ ಕಷ್ಟವನ್ನು ಯೋಚಿಸಿ. ಕಲ್ಲು ಗ್ರಾನೈಟ್, ಗಡಸು. ಮೈಮೇಲೆ ಬಟ್ಟೆಯಿಲ್ಲ, ಆಭರಣವಿಲ್ಲ, ಸ್ನಾಯುಗಳ ಉಬ್ಬುತಗ್ಗೂ ಬಹಳ ಮಿತ. ಇಷ್ಟು ನುಣ್ಣನೆಯ ದೊಡ್ಡ ಮೈ ದೂರದಿಂದ ಚಪ್ಪಟೆಯಾಗಿ ಕಾಣುವ ಅಪಾಯವಿದೆ. ಬಳ್ಳಿ ಆ ಅಪಾಯವನ್ನು ತಪ್ಪಿಸುತ್ತದೆ. ಅದು ತೊಡೆಯ ಮುಂಭಾಗದಲ್ಲಿ ಕಂಡು, ಪಕ್ಕಕ್ಕೆ ಬಾಗಿ, ಹಿಂದಕ್ಕೆ ಮರೆಯಾಗಿ, ಮತ್ತೆ ಮೇಲೆ ಕಾಣಿಸಿಕೊಳ್ಳುತ್ತದೆ. ಅದು ಬಾಗಿದಂತೆಲ್ಲ ಒಳಗಿನ ತೋಳು ಎಷ್ಟು ದುಂಡಗಿದೆ ಎಂದು ಕಣ್ಣು ಅಳೆಯುತ್ತದೆ. ಪುರಾಣದಲ್ಲಿ ಆ ಬಳ್ಳಿ ಬಾಹುಬಲಿಯ ದೀರ್ಘ ತಪಸ್ಸಿನ ಗುರುತು. ಶಿಲ್ಪದಲ್ಲಿ ಅದೇ ಬಳ್ಳಿ ರೂಪವನ್ನು ಅಳೆಯುವ ದಾರವೂ ಆಗಿದೆ.

ಮನೆಯಲ್ಲೇ ಇದನ್ನು ಪರೀಕ್ಷಿಸಬೇಕಾದರೆ ಕೈಬಳೆ ಸಾಕು. ಕೈಯನ್ನು ಮುಂದಕ್ಕೆ ಚಾಚಿ ಬಳೆಯನ್ನು ನೋಡಿ. ಬಳೆ ದುಂಡಗಿದೆ ಎಂದು ನಿಮಗೆ ಗೊತ್ತು, ಕಾಣುವುದು ಮಾತ್ರ ಮಣಿಕಟ್ಟಿನ ಮೇಲೆ ಒಂದು ಬಾಗಿದ ಗೆರೆ. ಆ ಬಾಗನ್ನು ಸರಿಯಾಗಿ ಬರೆದರೆ ಮಣಿಕಟ್ಟು ತಾನಾಗಿ ದುಂಡಗಾಗುತ್ತದೆ. ಬಳೆಯನ್ನು ನೆಟ್ಟಗೆ ಒಂದು ಅಡ್ಡಗೆರೆಯಾಗಿ ಬರೆದರೆ ಕೈ ಸ್ಕೇಲಿನಂತೆ ಚಪ್ಪಟೆಯಾಗುತ್ತದೆ. ನಿಮ್ಮ ಮಗಳ ಚಿತ್ರದಲ್ಲಿ ಅಜ್ಜಿಯ ಬಳೆಗಳು ನೆಟ್ಟಗಿನ ಎರಡು ಅಡ್ಡಗೆರೆಗಳು. ಸೀರೆಯ ಅಂಚೂ ಕಾಲನ್ನು ಸುತ್ತದೆ ನೇರವಾಗಿ ಹಾದುಹೋಗಿದೆ. ಬೆನ್ನಿನ ಗೆರೆ ಅಷ್ಟು ಸೊಗಸಾಗಿದ್ದೂ ಒಳಗೆ ತುಂಬಿದ ಹಸಿರು ಎಲ್ಲೆಡೆ ಒಂದೇ ಸಮ. ಹೊರಗೆರೆಯ ಒಳಗೆ ಬಣ್ಣ ತುಂಬಿದರೆ ಆಕಾರ ಸಿಗುತ್ತದೆ, ರೂಪ ಸಿಗುವುದಿಲ್ಲ. ಸೋರುತ್ತಿರುವ ಜಾಗ ಇಲ್ಲಿಯೇ ಹತ್ತಿರದಲ್ಲಿದೆ.

ಅದು ಛಾಯೆ. ಈ ಪದವನ್ನು ಬಣ್ಣ ಎಂಬ ಅರ್ಥದಲ್ಲಿ ತೆಗೆದುಕೊಳ್ಳುವುದು ಬಹುತೇಕ ಎಲ್ಲ ಹೊಸಬರೂ ಮಾಡುವ ತಪ್ಪು. ಛಾಯೆ ಎಂದರೆ ಬಣ್ಣ ಯಾವುದೇ ಇರಲಿ, ಅದು ಎಷ್ಟು ತಿಳಿ, ಎಷ್ಟು ಗಾಢ ಎಂಬ ಅಳತೆ. ಇಂಗ್ಲಿಷಿನಿಂದ ಬಂದ ಟೋನ್ ಎಂಬ ಪದವನ್ನೂ ಕಲಾವಿದರು ಇದಕ್ಕೇ ಬಳಸುತ್ತಾರೆ. ಸಾಹಿತ್ಯ ವಿಮರ್ಶೆಯಲ್ಲಿ ಟೋನ್ ಎಂದರೆ ಬರಹದ ಧಾಟಿ, ಅದರ ಗೊಡವೆ ಇಲ್ಲಿ ಬೇಡ.

ಕಾಫಿ ತೋಟದಲ್ಲಿ ಓಡಾಡುವ ನಿಮಗೆ ಛಾಯೆಯನ್ನು ತೋರಿಸಲು ಒಂದು ಒಳ್ಳೆಯ ಉದಾಹರಣೆಯಿದೆ. ಹಣ್ಣು ಬಿಟ್ಟ ಕಾಫಿ ಗಿಡದ ಒಂದು ಕೊಂಬೆಯನ್ನು ಮೊಬೈಲಿನಲ್ಲಿ ತೆಗೆಯಿರಿ. ಹಸಿರು ಎಲೆಗಳ ನಡುವೆ ಕೆಂಪು ಹಣ್ಣು ಎದ್ದು ಕಾಣುತ್ತದೆ. ಈಗ ಅದೇ ಫೋಟೊವನ್ನು ಕಪ್ಪು ಬಿಳುಪಿಗೆ ಬದಲಿಸಿ. ಹಣ್ಣು ಎಲೆಯೊಳಗೆ ಕರಗಿಹೋಗುತ್ತದೆ, ಎರಡೂ ಹೆಚ್ಚು ಕಡಿಮೆ ಒಂದೇ ಬೂದು. ಏಕೆಂದರೆ ಮಾಗಿದ ಹಣ್ಣಿನ ಕೆಂಪು, ಬಲಿತ ಎಲೆಯ ಹಸಿರು ಎರಡೂ ಬೇರೆ ಬೇರೆ ಬಣ್ಣಗಳಾದರೂ ಗಾಢತೆಯಲ್ಲಿ ಬಹಳ ಹತ್ತಿರ. ಅದೇ ಕೊಂಬೆಯಲ್ಲಿ ಹೂವಿದ್ದಾಗ ತೆಗೆದ ಫೋಟೊ ಕಪ್ಪು ಬಿಳುಪಿನಲ್ಲೂ ಹೊಳೆಯುತ್ತದೆ, ಬಿಳಿ ಹೂವಿಗೂ ಎಲೆಗೂ ಗಾಢತೆಯಲ್ಲಿ ಅಷ್ಟು ದೂರವಿದೆ.

ನಿಮ್ಮ ಮಗಳ ಚಿತ್ರದ ಫೋಟೊವನ್ನೂ ನಾನು ಹೀಗೆಯೇ ಬದಲಿಸಿ ನೋಡಿದೆ. ಹಸಿರು ಸೀರೆಯುಟ್ಟ ಅಜ್ಜಿ, ಅವರ ಸುತ್ತ ಕೆಂಪು ಕಾಫಿ ಹಣ್ಣು, ಹಿಂದೆ ಮಣ್ಣಿನ ಬಣ್ಣದ ಗೋಡೆ. ಬಣ್ಣದಲ್ಲಿ ಮೂರೂ ಬೇರೆ. ಕಪ್ಪು ಬಿಳುಪಿನಲ್ಲಿ ಅಜ್ಜಿ ಮಾಯವಾದರು, ಉಳಿದದ್ದು ಅವರ ಬಿಳಿ ತಲೆಗೂದಲು ಮತ್ತು ಆ ಬೆನ್ನಿನ ಗೆರೆ ಮಾತ್ರ. "ಛಾಯೆ ಏಕತಾನವಾಗಿದೆ" ಎಂಬ ಮಾತಿನ ಅರ್ಥ ಇದು. ತಂಬೂರಿ ಒಂದೇ ಶ್ರುತಿ ಹಿಡಿದಂತೆ ಚಿತ್ರವಿಡೀ ಒಂದೇ ಗಾಢತೆಯಲ್ಲಿ ನಿಂತಿದೆ. ನೀವೂ ಈಗಲೇ ಮೊಬೈಲಿನಲ್ಲಿ ಮಾಡಿ ನೋಡಬಹುದು. ಮೊಬೈಲ್ ಇಲ್ಲದೆಯೂ ನೋಡುವ ಹಳೆಯ ಉಪಾಯವೆಂದರೆ ಕಣ್ಣನ್ನು ಅರ್ಧ ಮುಚ್ಚುವುದು. ರೆಪ್ಪೆಗಳ ನಡುವಿನಿಂದ ನೋಡಿದಾಗ ಸಣ್ಣ ವಿವರಗಳು ಮಸುಕಾಗಿ ಬೆಳಕು ಮತ್ತು ಕತ್ತಲೆಯ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ.

ಛಾಯೆ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಬೇಲೂರಿನಷ್ಟು ಒಳ್ಳೆಯ ಪಾಠಶಾಲೆ ಬೇರೆ ನನಗೆ ಗೊತ್ತಿಲ್ಲ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವ ಗುಣ ಅದಕ್ಕಿದೆ. ಹಾಗಾಗಿ ಶಿಲ್ಪಿಗಳು ಮದನಿಕೆಯರ ಸರ, ಬಳೆ, ತಲೆಯ ಮೇಲಿನ ಎಲೆಬಳ್ಳಿಗಳ ಹಿಂದಕ್ಕೂ ಉಳಿ ತೂರಿಸಿ ಕೊರೆದಿದ್ದಾರೆ. ಕೊರೆದ ಆಳವೆಲ್ಲ ಕಡುಕಪ್ಪು ನೆರಳಾಗುತ್ತದೆ. ಇಡೀ ಮೂರ್ತಿ ಒಂದೇ ಕಲ್ಲು, ಒಂದೇ ಬಣ್ಣ. ಆದರೂ ಅಲ್ಲಿ ಕಪ್ಪಿನಿಂದ ಹೊಳಪಿನವರೆಗೆ ಎಲ್ಲ ಮೆಟ್ಟಿಲುಗಳೂ ಇವೆ. ಬಣ್ಣವೇ ಇಲ್ಲದೆ ಬರೀ ಛಾಯೆಯಿಂದ ರೂಪ ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ದೇವಾಲಯದ ಮುಖ ಪೂರ್ವಕ್ಕಿದೆ. ಎಳೆಬಿಸಿಲು ಓರೆಯಾಗಿ ಸೂರಿನ ಕೆಳಗೆ ನುಗ್ಗಿದಾಗ ಆ ಕಡೆಯ ಮದನಿಕೆಯರ ಕೆನ್ನೆ, ಮೊಣಕೈ, ಮಂಡಿ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಹೋದರೆ ಸೂರಿನ ನೆರಳು ಎಲ್ಲರನ್ನೂ ಒಂದೇ ಮಬ್ಬಿನಲ್ಲಿ ಮುಳುಗಿಸಿರುತ್ತದೆ. ಶಿಲ್ಪ ಅದೇ, ಛಾಯೆ ಬದಲಾದದ್ದಕ್ಕೆ ರೂಪವೂ ಬದಲಾಯಿತು. ರೂಪದ ದೋಷ ಮತ್ತು ಛಾಯೆಯ ದೋಷ ಎರಡಲ್ಲ, ಒಂದೇ ಎಂದು ನಾನು ಹೇಳುತ್ತಿರುವುದು ಇದಕ್ಕೇ.

ಮಗಳು ಮಾಡಬೇಕಾದ ಕೆಲಸ ಚಿಕ್ಕದು. ಕಾಗದದ ಒಂದು ಪಟ್ಟಿಯಲ್ಲಿ ಐದು ಚೌಕ ಹಾಕಿ, ಮೊದಲನೆಯದನ್ನು ಕಾಗದದ ಬಿಳಿಯಾಗಿಯೇ ಬಿಟ್ಟು, ಐದನೆಯದನ್ನು ಪೆನ್ಸಿಲಿನಿಂದ ಆದಷ್ಟು ಕಪ್ಪು ಮಾಡಿ, ನಡುವಿನ ಮೂರನ್ನು ಮೆಟ್ಟಿಲು ಮೆಟ್ಟಿಲಾಗಿ ತುಂಬಲಿ. ಆ ಪಟ್ಟಿಯನ್ನು ತನ್ನ ಚಿತ್ರದ ಪಕ್ಕ ಹಿಡಿದರೆ ಯಾವ ಮೆಟ್ಟಿಲುಗಳು ಬಳಕೆಯಾಗಿಲ್ಲ ಎಂದು ಅವಳಿಗೇ ಕಾಣುತ್ತದೆ. ನನಗೆ ಕಂಡಂತೆ ತಲೆಗೂದಲನ್ನು ಬಿಟ್ಟರೆ ಚಿತ್ರವೆಲ್ಲ ಮೂರನೆಯ ಮತ್ತು ನಾಲ್ಕನೆಯ ಚೌಕದಲ್ಲೇ ಇದೆ. ಜಲವರ್ಣದಲ್ಲಿ ತಿಳಿಯಿಂದ ಗಾಢಕ್ಕೆ ಹೋಗಬೇಕಾದ್ದರಿಂದ ಬೆಳಕನ್ನು ಮೊದಲೇ ಕಾದಿಡಬೇಕು, ಆಮೇಲೆ ಬಿಳಿ ಬಣ್ಣ ಹಚ್ಚಿ ತರಲು ಹೋದರೆ ಸುಣ್ಣ ಬಳಿದಂತಾಗುತ್ತದೆ. ಬಿಸಿಲು ಬೀಳುವ ಬೆನ್ನಿನ ಮೇಲ್ಭಾಗದಲ್ಲಿ ಹಸಿರನ್ನು ನೀರಿನಷ್ಟು ತೆಳುವಾಗಿ ಹಚ್ಚಿ, ಅದು ಒಣಗಿದ ಮೇಲೆ ಹೊಟ್ಟೆಯ ಕಡೆಗೆ ಗಾಢ ಹಸಿರನ್ನು ತರಬೇಕು. ಹಸಿರನ್ನು ಗಾಢ ಮಾಡಲು ಕಪ್ಪು ಬೆರೆಸುವುದು ಬೇಡ, ಮಂಕು ಹಿಡಿಯುತ್ತದೆ. ಒಂದು ಚೂರು ಕೆಂಪು ಬೆರೆಸಿದರೆ ಹಸಿರು ತಾನಾಗಿ ಇಳಿಯುತ್ತದೆ, ಪಕ್ಕದ ಹಣ್ಣಿನ ಬಣ್ಣದೊಂದಿಗೂ ಹೊಂದುತ್ತದೆ.

ಮೈವಳಿಕೆಯ ಮಾತಿನಲ್ಲಿ ನನಗೆ ವಿಮರ್ಶಕರೊಂದಿಗೆ ಭಿನ್ನಾಭಿಪ್ರಾಯವಿದೆ. ಮೈವಳಿಕೆ ಎಂದರೆ ಮೇಲ್ಮೈಯ ನವಿರು ಅಥವಾ ಒರಟು, ಮುಟ್ಟದೆಯೂ ಕಣ್ಣಿಗೇ ತಿಳಿಯುವ ಸ್ಪರ್ಶ. ಗೋಣಿಚೀಲ, ರೇಷ್ಮೆ ಸೀರೆ, ಸಾರಿಸಿದ ನೆಲ, ಹಲಸಿನ ಸಿಪ್ಪೆ ಇವೆಲ್ಲವನ್ನೂ ದೂರದಿಂದಲೇ ಬೇರೆ ಬೇರೆ ಎಂದು ಹೇಳುತ್ತೇವಲ್ಲ, ಅದು. ಗೊಮ್ಮಟನ ತಲೆಯ ಮೇಲಿನ ಸಣ್ಣ ಸಣ್ಣ ಗುಂಗುರುಗಳ ಮೈವಳಿಕೆಯಿಂದಾಗಿಯೇ ಕೆಳಗಿನ ಮುಖ ಅಷ್ಟು ನುಣುಪಾಗಿ ಕಾಣುತ್ತದೆ. ಒರಟು ಇದ್ದಾಗಲೇ ನುಣುಪು ಗೊತ್ತಾಗುವುದು.

ನಿಮ್ಮ ಮಗಳು ಕಣದಲ್ಲಿ ಹರಡಿದ ಪ್ರತಿ ಹಣ್ಣನ್ನೂ ಒಂದೊಂದು ಚುಕ್ಕಿಯಾಗಿ, ಕಾಗದದ ಕೆಳಗಿನಿಂದ ಮನೆಯ ಗೋಡೆಯವರೆಗೆ ಇಟ್ಟಿದ್ದಾಳೆ. ಎಷ್ಟು ಸಾವಿರ ಚುಕ್ಕಿಯೋ, ಎಷ್ಟು ಸಂಜೆಯ ಕೆಲಸವೋ. ಇದನ್ನು ಮಿತಿಮೀರಿದ್ದು ಎನ್ನುವುದಕ್ಕಿಂತ ಜಾಗ ತಪ್ಪಿದ್ದು ಎನ್ನುವುದು ಸರಿ. ಗೋಡೆಗೆ ಗಾರೆ ಬಳಿದ ಮೇಲೆ ಮೇಸ್ತ್ರಿ ಟಾರ್ಚನ್ನು ಗೋಡೆಗೆ ಆನಿಸಿ ಪಕ್ಕದಿಂದ ಬೆಳಕು ಬಿಡುವುದನ್ನು ನೋಡಿದ್ದೀರಾ? ಎದುರಿನಿಂದ ಬೆಳಕು ಬಿಟ್ಟಾಗ ಕಾಣದ ಉಬ್ಬುತಗ್ಗುಗಳೆಲ್ಲ ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತವೆ. ಮೈವಳಿಕೆ ಹೆಚ್ಚು ಸ್ಪಷ್ಟವಾಗಿ ಕಾಣುವುದು ಪೂರ್ಣ ಬೆಳಕಿನಲ್ಲೂ ಅಲ್ಲ, ಪೂರ್ಣ ನೆರಳಿನಲ್ಲೂ ಅಲ್ಲ, ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ. ಹಾಗಾಗಿ ಅಜ್ಜಿ ಹಲಗೆಯಿಂದ ಎಳೆದು ಎಬ್ಬಿಸಿದ ಕಾಫಿಯ ಏರಿಗಳ ಬದಿಯಲ್ಲಿ ಮಾತ್ರ ಹಣ್ಣುಗಳು ಒಂದೊಂದಾಗಿ ಕಾಣಬೇಕು. ಏರಿಯ ನೆತ್ತಿಯಲ್ಲಿ ಬಿಸಿಲಿಗೆ ತಿಳಿಯಾಗಿ, ತಗ್ಗಿನಲ್ಲಿ ನೆರಳಿಗೆ ಗಾಢವಾಗಿ ಒಂದಾಗಿಬಿಡಬೇಕು. ಇದಕ್ಕೂ ಮತ್ತೆ ಛಾಯೆಯೇ ಬೇಕಾಯಿತು. ಏರಿಗಳಿಗೆ ಬೆಳಕಿನ ಬದಿ, ನೆರಳಿನ ಬದಿ ಎಂಬುದೇ ಇಲ್ಲದಿದ್ದುದರಿಂದ ಚುಕ್ಕಿಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಕೊನೆಯ ಪದ ಅವಕಾಶ. ವಿಮರ್ಶೆಯಲ್ಲಿ ಅವಕಾಶ ಎಂದರೆ ಕೆಲಸ ಸಿಗುವ ಅವಕಾಶವಲ್ಲ, ವಸ್ತುಗಳ ಸುತ್ತ ಮತ್ತು ನಡುವೆ ಇರುವ ತೆರಪು. ತೆರಪು ಎಂದೇ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ನಾನು ಹಾಗೆಯೇ ಬರೆಯುತ್ತೇನೆ. ಹಾಸನದ ಬಸ್ ನಿಲ್ದಾಣದಲ್ಲಿ ಸಂಜೆಯ ಬಸ್ಸು ಹತ್ತಿದರೆ ತೆರಪು ಇಲ್ಲದಿರುವುದು ಏನೆಂದು ಮೈಗೇ ಗೊತ್ತಾಗುತ್ತದೆ. ಚಿತ್ರದಲ್ಲಿ ತೆರಪು ಎರಡು ಬಗೆ. ಕಾಗದದ ಮೇಲೆ ಬಿಟ್ಟ ಖಾಲಿ ಜಾಗ ಒಂದು, ಕಾಗದದ ಒಳಕ್ಕೆ ದೂರ ಇದೆ ಎನ್ನಿಸುವ ಆಳ ಇನ್ನೊಂದು.

ಖಾಲಿ ಜಾಗಕ್ಕೂ ಆಕಾರವಿರುತ್ತದೆ ಎಂಬುದು ಹೊಸಬರಿಗೆ ನಂಬಲು ಕಷ್ಟ. ಸೊಂಟದ ಮೇಲೆ ಕೈಯಿಟ್ಟು ನಿಂತವರ ತೋಳಿಗೂ ಸೊಂಟಕ್ಕೂ ನಡುವೆ ಒಂದು ತ್ರಿಕೋನ ಕಾಣುತ್ತದೆ. ಮೈಯನ್ನು ಬರೆಯುವ ಬದಲು ಆ ತ್ರಿಕೋನವನ್ನು ಸರಿಯಾಗಿ ಬರೆದರೆ ತೋಳು ತಾನಾಗಿ ಸರಿಯಾಗುತ್ತದೆ. ಗೊಮ್ಮಟನಲ್ಲಿಯೂ ಇಳಿಬಿಟ್ಟ ತೋಳುಗಳಿಗೂ ನಡುವಿಗೂ ಮಧ್ಯೆ ಇರುವ ತೆರಪನ್ನೇ ಗಮನಿಸಿ, ಆ ಸೊಂಟ ಅಷ್ಟು ಸಣ್ಣಗೆ ಕಾಣುವುದು ಅದರಿಂದ. ಬೇಲೂರಿನ ಒಳಗೆ ಇನ್ನೊಂದು ಸಂಗತಿಯಿದೆ. ನವರಂಗದ ಸುತ್ತಲಿನ ಕಲ್ಲಿನ ಜಾಲಂಧ್ರಗಳು ಮೊದಲ ಕಟ್ಟಡದಲ್ಲಿ ಇರಲಿಲ್ಲ, ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿದವು. ಅದಕ್ಕೆ ಮೊದಲು ಬದಿಗಳು ತೆರೆದಿದ್ದವು. ಒಂದು ಕಂಬವನ್ನೂ ಅಲ್ಲಾಡಿಸದೆ, ಬದಿಗಳನ್ನು ಜಾಲರಿಯಿಂದ ಮುಚ್ಚಿದ್ದರಿಂದಲೇ ಹಗುರಾಗಿದ್ದ ಮಂಟಪ ಗಂಭೀರವಾದ ಕತ್ತಲೆಯ ಗರ್ಭವಾಯಿತು. ತೆರಪನ್ನು ಬದಲಿಸಿದರೆ ಛಾಯೆಯೂ ಬದಲಾಗುತ್ತದೆ ಎಂಬುದನ್ನು ಅಲ್ಲಿ ಒಳಗೆ ನಿಂತೇ ಅನುಭವಿಸಬೇಕು.

ಆಳದ ತೆರಪಿಗೆ ನೀವು ದೂರ ಹೋಗಬೇಕಿಲ್ಲ. ಚಿಕ್ಕಮಗಳೂರಿನ ಕಡೆಯಿಂದ ಮುಳ್ಳಯ್ಯನಗಿರಿಯ ಸಾಲನ್ನು ನೋಡಿ. ಹತ್ತಿರದ ಗುಡ್ಡ ಕಡುಹಸಿರು, ಅದರಾಚೆಯದು ನೀಲಿಹಸಿರು, ಎಲ್ಲಕ್ಕೂ ಹಿಂದಿನದು ಆಕಾಶದಲ್ಲಿ ಅರ್ಧ ಕರಗಿದ ತಿಳಿನೀಲಿ. ಗುಡ್ಡಗಳ ಬಣ್ಣವೇ ಬೇರೆ ಬೇರೆ ಎಂದಲ್ಲ, ನಮಗೂ ಅವಕ್ಕೂ ನಡುವೆ ಇರುವ ಗಾಳಿ ಮತ್ತು ತೇವ ದೂರ ಹೆಚ್ಚಿದಂತೆ ಗಾಢತೆಯನ್ನು ಕಳೆಯುತ್ತ ಹೋಗುತ್ತದೆ. ಮಳೆ ನಿಂತ ಮರುದಿನ ಗಾಳಿ ತೊಳೆದಂತಿದ್ದಾಗ ಅದೇ ಗಿರಿ ಕೈಗೆ ಸಿಗುವಷ್ಟು ಹತ್ತಿರ ಬಂದಂತೆ ಕಾಣುವುದೂ ಇದರಿಂದಲೇ. ಗಿರಿ ಸರಿದಿಲ್ಲ, ಛಾಯೆ ಗಾಢವಾಗಿದೆ. ಚಿತ್ರಕಾರ ದೂರವನ್ನು ತೋರಿಸುವುದು ವಸ್ತುವನ್ನು ಚಿಕ್ಕದು ಮಾಡುವುದರಿಂದ ಮಾತ್ರವಲ್ಲ, ಹೀಗೆ ತಿಳಿಯಾಗಿಸುವುದರಿಂದಲೂ ಹೌದು.

ಈಗ ನಿಮ್ಮ ಮಗಳ ಚಿತ್ರದ ಮೇಲಿನ ಅಂಚಿಗೆ ಬೆರಳಿಡಿ. ಮನೆಯ ಸೂರು ಕಾಗದದ ತುದಿಗೆ ಅಂಟಿಕೊಂಡಿದೆ, ಆಕಾಶವಿಲ್ಲ. ಅಜ್ಜಿಯ ಮೈ ಗೋಡೆಗೆ ತಾಗಿದಂತಿದೆ, ಏಕೆಂದರೆ ಹಿಂದಿನ ಗೋಡೆಯೂ ಮುಂದಿನ ಸೀರೆಯೂ ಒಂದೇ ಗಾಢತೆಯಲ್ಲಿವೆ. ಕಣದಲ್ಲಿ ಹತ್ತಿರದ ಹಣ್ಣಿಗೂ ದೂರದ ಹಣ್ಣಿಗೂ ಗಾತ್ರದಲ್ಲಿ, ಬಣ್ಣದಲ್ಲಿ ಭೇದವಿಲ್ಲ, ಹಾಗಾಗಿ ನೆಲ ಹಿಂದಕ್ಕೆ ಮಲಗದೆ ಗೋಡೆಯಂತೆ ನೆಟ್ಟಗೆ ಎದ್ದು ನಿಂತಿದೆ. "ಉಸಿರಿಲ್ಲ" ಎಂದು ವಿಮರ್ಶಕರು ಹೇಳಿದ್ದು ಇದನ್ನು. ಆದರೆ ತೆರಪು ಬೇಕೆಂದು ಅಜ್ಜಿಯನ್ನು ಚಿಕ್ಕದು ಮಾಡಿ ಸುತ್ತ ಖಾಲಿ ಬಿಡುವುದು ಪರಿಹಾರವಲ್ಲ. ಹಾಗೆ ಮಾಡಿದರೆ ಆ ಬೆನ್ನಿನ ಗೆರೆ ಬಲ ಕಳೆದುಕೊಳ್ಳುತ್ತದೆ, ಚಿತ್ರದಲ್ಲಿ ಇರುವ ನಿಜವಾದ ಆಸ್ತಿಯೇ ಹೋಗುತ್ತದೆ.

ನಾನಾಗಿದ್ದರೆ ಅದೇ ಚಿತ್ರವನ್ನು ಮತ್ತೊಮ್ಮೆ ಬರೆಯುವ ಮೊದಲು ಅಂಗೈಯಗಲದ ಕಾಗದದಲ್ಲಿ ಪೆನ್ಸಿಲಿನಿಂದ ಮೂರೇ ಛಾಯೆಗಳ ಒಂದು ಕರಡು ಮಾಡಿಕೊಳ್ಳುತ್ತಿದ್ದೆ. ಹಿಂದಿನ ಗೋಡೆ ಮತ್ತು ದೂರದ ಕಣ ತಿಳಿ, ಹತ್ತಿರದ ಕಾಫಿ ನಡುವಿನದು, ಅಜ್ಜಿಯ ಹೊಟ್ಟೆಯ ಕಡೆಯ ಸೀರೆ ಮತ್ತು ಅವರ ಕಾಲ ಬುಡದ ನೆರಳು ಗಾಢ. ಬೆಳಗಿನ ಬಿಸಿಲು ಎಡದಿಂದ ಬರುತ್ತಿದೆ ಎಂದು ಒಮ್ಮೆ ತೀರ್ಮಾನಿಸಿದರೆ ಕೊನೆಯವರೆಗೂ ಅದನ್ನೇ ನಡೆಸಬೇಕು. ಈಗಿನ ಚಿತ್ರದಲ್ಲಿ ಅಜ್ಜಿಯ ನೆರಳು ಬಲಕ್ಕೆ, ಮನೆಯ ಕಂಬದ ನೆರಳು ಎಡಕ್ಕೆ ಬಿದ್ದಿವೆ. ಕರಡನ್ನು ಕಣ್ಣು ಅರ್ಧ ಮುಚ್ಚಿ ನೋಡಿದಾಗ ಬಾಗಿದ ಹೆಂಗಸು ಎಂದು ತಿಳಿದರೆ ಬಣ್ಣಕ್ಕೆ ಕೈ ಹಾಕಬಹುದು. ತಿಳಿಯದಿದ್ದರೆ ಬಣ್ಣ ಹಚ್ಚಿದ ಮೇಲೂ ತಿಳಿಯುವುದಿಲ್ಲ, ಇನ್ನೊಂದು ಕರಡು ಮಾಡುವುದೇ ಸರಿ. ಸೂರಿನ ಗೆರೆಯನ್ನು ಈ ಸಲ ಸ್ಕೇಲಿಲ್ಲದೆ ಕೈಯಿಂದಲೇ ಎಳೆಯಲು ಹೇಳಿ. ಬೆನ್ನಿನ ಗೆರೆಯನ್ನು ಮಾತ್ರ ಹಳೆಯ ಚಿತ್ರದಿಂದ ನಕಲು ಮಾಡುವುದು ಬೇಡ, ನಕಲು ಮಾಡಿದ ಗೆರೆ ನಿಂತು ನಿಂತು ಸಾಗುತ್ತದೆ. ಅಜ್ಜಿ ಮತ್ತೆ ಕಣಕ್ಕೆ ಇಳಿದ ದಿನ ಅವರ ಎದುರು ಕುಳಿತು, ಬರೀ ಆ ಬೆನ್ನನ್ನು ಹತ್ತಿಪ್ಪತ್ತು ಸಲ ಬರೆದು, ಅದರಲ್ಲಿ ಒಂದನ್ನು ಆರಿಸಿಕೊಳ್ಳಲಿ.